ಹೈಕ್ ಇಲ್ಲ ಅಂದಾಗ ಏನು ಕೇಳೋದು: ರಜೆಯಾ, ಕೋರ್ಸ್ ದುಡ್ಡಾ, ಸಮಯವಾ?

ಹೋದ ಏಪ್ರಿಲ್‌ನಲ್ಲಿ ನನ್ನ ನಾದಿನಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಳು. ಅಪ್ರೈಸಲ್ ಪತ್ರ ಬಂದಿತ್ತು. ರೇಟಿಂಗ್ ಚೆನ್ನಾಗಿತ್ತು, ಹೈಕ್ ಸೊನ್ನೆ. "ಅತ್ತಿಗೆ, ಮ್ಯಾನೇಜರ್ ಬೇರೆ ಏನಾದ್ರೂ ಬೇಕಿದ್ರೆ ಕೇಳು ಅಂದಿದ್ದಾರೆ. ಹನ್ನೆರಡು ದಿನ ಜಾಸ್ತಿ ರಜೆ ಕೇಳ್ಲಾ?" ಅಂತ ಕೇಳಿದಳು. ನಾನು ಹನ್ನೊಂದು ವರ್ಷದಿಂದ ಬೆಂಗಳೂರಿನ ಕಂಪನಿಗಳಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಯಾರಾದರೂ ಕೇಳುತ್ತಾರೆ. ಹೆಚ್ಚಿನವರು ಮೊದಲು ಕೇಳುವುದು ರಜೆ. ಹೆಚ್ಚಿನವರಿಗೆ ಅದು ಸರಿಯಾದ ಆಯ್ಕೆ ಅಲ್ಲ.

ನಾನು ಅವಳಿಗೆ ಹೇಳಿದ್ದು ಒಂದೇ ಮಾತು. ನಾಳೆ ಬೆಳಿಗ್ಗೆ ರಜೆಯ ಪೋರ್ಟಲ್ ತೆಗೆದು, ಹೋದ ವರ್ಷ ನಿನಗೆ ಎಷ್ಟು ರಜೆ ಇತ್ತು, ಎಷ್ಟು ತಗೊಂಡೆ ನೋಡು. ಮಾರನೇ ದಿನ ಸ್ಕ್ರೀನ್‌ಶಾಟ್ ಕಳಿಸಿದಳು. ಗಳಿಕೆ ರಜೆ 18, ತೆಗೆದುಕೊಂಡಿದ್ದು 9. ಇದ್ದ ರಜೆಯಲ್ಲೇ ಅರ್ಧ ಹಾಗೇ ಉಳಿದಿತ್ತು. ಇನ್ನೂ ಹನ್ನೆರಡು ಕೊಟ್ಟರೆ ಅವೂ ಅಲ್ಲೇ ಉಳಿಯುತ್ತವೆ, ಅಲ್ವಾ?

ಕೇಳುವ ಮೊದಲು: ಕಂಪನಿಯಲ್ಲಿ ದುಡ್ಡೇ ಇಲ್ಲವಾ, ಹೈಕ್‌ಗೆ ಮಾತ್ರ ಇಲ್ಲವಾ?

"ಈ ವರ್ಷ ಆಗಲ್ಲ" ಅನ್ನುವುದಕ್ಕೆ ಎರಡು ಅರ್ಥ ಇರುತ್ತದೆ. ಒಂದು, ಕಂಪನಿಯ ಕೈಯಲ್ಲಿ ನಿಜವಾಗಿ ದುಡ್ಡು ಕಮ್ಮಿ ಇದೆ. ಇದನ್ನು ಗುರುತಿಸುವುದು ಕಷ್ಟ ಅಲ್ಲ. ಬಿಟ್ಟು ಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ. ಊರಿಂದೂರಿಗೆ ಪ್ರಯಾಣ ನಿಲ್ಲಿಸಿದ್ದಾರೆ. ಸಾಫ್ಟ್‌ವೇರ್ ಲೈಸೆನ್ಸ್ ಕೂಡ ಎಣಿಸಿ ಕೊಡುತ್ತಿದ್ದಾರೆ. ಇಂಥ ಕಡೆ ಕೋರ್ಸ್‌ಗೆ ದುಡ್ಡು ಕೇಳಿದರೆ ಸಿಗುವುದಿಲ್ಲ, ಸಿಕ್ಕರೂ ಎರಡು ತಿಂಗಳಲ್ಲಿ ವಾಪಸ್ ಹೋಗುತ್ತದೆ. ಇಲ್ಲಿ ಕೇಳಬೇಕಾದ್ದು ಸಮಯ.

ಎರಡನೆಯದು, ಹೈಕ್‌ಗೆ ಅಂತ ತೆಗೆದಿಟ್ಟ ಮೊತ್ತ ಮುಗಿದಿದೆ, ಇಲ್ಲವೇ ನೀವು ನಿಮ್ಮ ಬ್ಯಾಂಡ್‌ನ, ಅಂದರೆ ನಿಮ್ಮ ಹುದ್ದೆಗೆ ಗೊತ್ತು ಮಾಡಿದ ಸಂಬಳದ ಮಿತಿಯ, ತುದಿ ಮುಟ್ಟಿದ್ದೀರಿ. ಹೊಸಬರು ಸೇರುತ್ತಲೇ ಇದ್ದಾರೆ, ಟೀಮ್ ಊಟ ನಡೆಯುತ್ತಲೇ ಇದೆ. ಅಂದರೆ ದುಡ್ಡಿದೆ, ಆದರೆ ಬೇರೆ ಬೇರೆ ಡಬ್ಬಿಯಲ್ಲಿದೆ. ಸಂಬಳದ ಡಬ್ಬಿಯ ಕೀಲಿ ಮ್ಯಾನೇಜರ್ ಹತ್ತಿರ ಇರುವುದಿಲ್ಲ, ತರಬೇತಿಯ ಡಬ್ಬಿಯದು ಅನೇಕ ಸಲ ಇರುತ್ತದೆ. ಇಲ್ಲಿ ಕೋರ್ಸ್ ದುಡ್ಡು ಕೇಳುವುದರಲ್ಲಿ ಅರ್ಥ ಇದೆ.

ಇದನ್ನು ಸುಮ್ನೆ ಊಹೆ ಮಾಡಬೇಡಿ, ಮ್ಯಾನೇಜರ್‌ನ ನೇರವಾಗಿ ಕೇಳಿ: "ಇದು ನನ್ನ ಬ್ಯಾಂಡ್‌ನಿಂದ ಆಗಿದ್ದಾ, ಎಲ್ಲರಿಗೂ ಹೀಗೇನಾ?" ಹೆಚ್ಚಿನವರು ನಿಜ ಹೇಳುತ್ತಾರೆ.

ಹೆಚ್ಚುವರಿ ರಜೆ

ಮೊದಲಿಗೆ ಒಂದು ವಿಷಯ. ಕಾನೂನು ಹೇಗೂ ಕೊಡುವ ರಜೆಯನ್ನು ಯಾರಾದರೂ "ವಿಶೇಷ"ವಾಗಿ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ 20 ದಿನ ಕೆಲಸಕ್ಕೆ 1 ದಿನ ಗಳಿಕೆ ರಜೆ, ಜೊತೆಗೆ ವರ್ಷಕ್ಕೆ 12 ದಿನ ಕಾಯಿಲೆ ರಜೆ. ಚಿಕ್ಕ ಕಂಪನಿಗಳಲ್ಲಿ ಇಷ್ಟನ್ನೇ ದೊಡ್ಡ ಉಪಕಾರದ ಹಾಗೆ ಹೇಳಿದ್ದನ್ನು ನಾನು ನೋಡಿದ್ದೇನೆ.

ಈಗ ಲೆಕ್ಕ. ನಾದಿನಿಯ ಸಂಬಳ ತಿಂಗಳಿಗೆ 80,000, ವರ್ಷಕ್ಕೆ 9,60,000. ಶನಿವಾರ, ಭಾನುವಾರ, ಹಬ್ಬ ಎಲ್ಲ ತೆಗೆದರೆ ಕೆಲಸದ ದಿನ ಸುಮಾರು 250. ಅಂದರೆ ಅವಳ ಒಂದು ದಿನಕ್ಕೆ 3,840 ರೂಪಾಯಿ. ಹನ್ನೆರಡು ದಿನಕ್ಕೆ 46,080. ಅವಳು ನಿರೀಕ್ಷೆ ಮಾಡಿದ್ದ ಶೇಕಡಾ 5ರ ಹೈಕ್ ಬಂದಿದ್ದರೆ ವರ್ಷಕ್ಕೆ 48,000. ಹೆಚ್ಚುಕಮ್ಮಿ ಎರಡೂ ಒಂದೇ.

ರಜೆ "ಪುಕ್ಕಟೆ" ಅಂತ ನಮಗೆ ಅನ್ನಿಸುತ್ತದೆ, ಆದರೆ ಮ್ಯಾನೇಜರ್‌ಗೆ ಹಾಗೆ ಕಾಣುವುದಿಲ್ಲ. ನಿಮ್ಮ ಕೆಲಸಕ್ಕೆ ಗ್ರಾಹಕರಿಗೆ ದಿನದ ಲೆಕ್ಕದಲ್ಲಿ ಬಿಲ್ ಹಾಕುತ್ತಿದ್ದರೆ ನೀವು ಬಾರದ ದಿನ ಆ ಬಿಲ್ ಇಲ್ಲ, ನಷ್ಟ ನಿಮ್ಮ ದಿನದ ಸಂಬಳಕ್ಕಿಂತ ಜಾಸ್ತಿ. ಅಂಥ ಟೀಮ್‌ನಲ್ಲಿ ರಜೆ ಕೇಳುವುದೂ ಒಂದೇ, ಹೈಕ್ ಕೇಳುವುದೂ ಒಂದೇ. ಕಂಪನಿಯ ಒಳಗಿನ ಕೆಲಸ ಮಾಡುವವರಿಗೆ, ಅಂದರೆ ಅಕೌಂಟ್ಸ್, ಎಚ್‌ಆರ್, ಒಳಗಿನ ಸಾಫ್ಟ್‌ವೇರ್ ನೋಡುವವರಿಗೆ, ಈ ತೊಂದರೆ ಕಮ್ಮಿ. ಅವರಿಗೆ ರಜೆ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಅಡ್ಡಿ ಅಕೌಂಟ್ಸ್‌ನವರಿಂದ ಬರುತ್ತದೆ. ಮುಂದಿನ ವರ್ಷಕ್ಕೆ ಸಾಗುವ, ಕೊನೆಗೆ ದುಡ್ಡಾಗಿ ಸಿಗುವ ರಜೆ ಕಂಪನಿಯ ಪುಸ್ತಕದಲ್ಲಿ ಸಾಲದ ಹಾಗೆ ಕೂತಿರುತ್ತದೆ. ಪ್ರತಿ ಮಾರ್ಚ್‌ಗೆ ಅದಕ್ಕೆ ಮೊತ್ತ ತೆಗೆದಿಡಬೇಕು. ಹಾಗಾಗಿ "ಗಳಿಕೆ ರಜೆ ಹೆಚ್ಚಿಸಿ" ಅಂದರೆ ಅವರು ತಕ್ಷಣ ಬೇಡ ಅನ್ನುತ್ತಾರೆ. "ಇದೇ ಆರ್ಥಿಕ ವರ್ಷದಲ್ಲಿ ಮುಗಿಸುವ, ನಗದಾಗದ, ಮುಂದಕ್ಕೆ ಸಾಗದ ವಿಶೇಷ ರಜೆ" ಅಂತ ಕೇಳಿದರೆ ಆ ಅಡ್ಡಿ ಇರುವುದಿಲ್ಲ. ಕಂಪನಿ ಒಪ್ಪುವ ಸಾಧ್ಯತೆ ಜಾಸ್ತಿ.

ಆದರೆ ಹಾಗೆ ಸಿಕ್ಕ ರಜೆ ಮಾರ್ಚ್ 31ಕ್ಕೆ ಆವಿ. ಸಾಫ್ಟ್‌ವೇರ್ ಬಿಡುಗಡೆ ಇದೆ, ಆಡಿಟ್ ಇದೆ ಅಂತ ಮೂರು ಸಲ ಮುಂದೂಡಿದರೆ ಮುಗಿಯಿತು. ಕೆಲಸ ಬಿಟ್ಟರೂ ಅದರ ದುಡ್ಡು ಬರುವುದಿಲ್ಲ, ನೋಟಿಸ್ ಪೀರಿಯಡ್‌ನಲ್ಲಿ ರಜೆಯನ್ನೇ ಕೊಡುವುದಿಲ್ಲ. ಆದ್ದರಿಂದ ದಿನಗಳ ಸಂಖ್ಯೆ ಕೇಳಬೇಡಿ, ತಾರೀಕು ಕೇಳಿ. "ಅಕ್ಟೋಬರ್‌ನಲ್ಲಿ ದಸರಾ ಜೊತೆ 5 ದಿನ, ಡಿಸೆಂಬರ್ ಕೊನೆಗೆ 5 ದಿನ" ಅಂತ ಹೇಳಿ, ಅದೇ ವಾರ ಪೋರ್ಟಲ್‌ನಲ್ಲಿ ಹಾಕಿ ಒಪ್ಪಿಗೆ ಪಡೆಯಿರಿ.

ರಜೆ ಯಾರಿಗೆ ಸರಿ ಅಂದರೆ, ಇರುವ ರಜೆಯನ್ನು ಪೂರ್ತಿ ಖರ್ಚು ಮಾಡುವವರಿಗೆ. ಊರಲ್ಲಿ ತೋಟ ಇದೆ, ಕೊಯ್ಲಿಗೆ ಹೋಗಲೇಬೇಕು. ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ. ವಿದೇಶದಲ್ಲಿರುವ ಮಗಳ ಬಾಣಂತನಕ್ಕೆ ಒಂದೇ ಸಲ ಆರು ವಾರ ಬೇಕು. ಇಂಥವರಿಗೆ ಬೇರೆ ಯಾವುದೂ ಇದರ ಜಾಗ ತುಂಬುವುದಿಲ್ಲ.

ಕೋರ್ಸ್ ದುಡ್ಡು

ಮೂರರಲ್ಲಿ ಕೇಳಲು ಅತಿ ಸುಲಭವಾದದ್ದು ಇದು. ಮ್ಯಾನೇಜರ್‌ಗೂ ಮೇಲಿನವರಿಗೆ ಹೇಳಿಕೊಳ್ಳಲು ಕಾರಣ ಇರುತ್ತದೆ. ಆದರೆ ಮೋಸ ಹೋಗುವುದೂ ಇಲ್ಲೇ ಜಾಸ್ತಿ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸಪೋರ್ಟ್ ಟೀಮ್‌ನ ಹುಡುಗನೊಬ್ಬನಿಗೆ ಹೈಕ್ ಬದಲು 40,000 ರೂಪಾಯಿ ತರಬೇತಿ ಭತ್ಯೆ ಅಂದರು. ಅವನು ಕ್ಲೌಡ್ ಕೋರ್ಸ್‌ಗೆ ತನ್ನ ಕಾರ್ಡ್‌ನಿಂದ ಕಟ್ಟಿದ. ನಾಲ್ಕು ತಿಂಗಳು ಶನಿವಾರ, ಭಾನುವಾರ ಕೂತು ಓದಿದ. ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಫೇಲ್ ಆದ. ಬಿಲ್ ಕೊಡಲು ನನ್ನ ಮೇಜಿನ ಹತ್ತಿರ ಬಂದಾಗ ಪಾಲಿಸಿ ತೆಗೆದು ನೋಡಿದೆ. "ಪರೀಕ್ಷೆ ಪಾಸಾದರೆ ಮಾತ್ರ ಮರುಪಾವತಿ" ಅಂತ ಒಂದು ಸಾಲು ಇತ್ತು. ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ಆ ಬಿಲ್ ಕೈಯಲ್ಲಿ ಹಿಡಿದು ಅವನು ನಿಂತಿದ್ದು ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ಯಾರು ಕೇಳಿದರೂ ಆ ಸಾಲನ್ನು ಮೊದಲು ತೋರಿಸುತ್ತೇನೆ.

ಹಾಗಾಗಿ ಕೇಳುವಾಗ "ನನಗೆ ಮರುಪಾವತಿ" ಅನ್ನಬೇಡಿ, "ಕಂಪನಿಯೇ ನೇರವಾಗಿ ಫೀಸು ಕಟ್ಟಲಿ, ಬಿಲ್ ಕಂಪನಿಯ ಹೆಸರಲ್ಲಿ ಇರಲಿ" ಅನ್ನಿ. ಇದರಲ್ಲಿ ಅವರಿಗೂ ಲಾಭ ಇದೆ. 30,000 ರೂಪಾಯಿಯ ಖಾಸಗಿ ಕೋರ್ಸ್‌ಗೆ ಶೇಕಡಾ 18 ಜಿಎಸ್‌ಟಿ ಸೇರಿ 35,400 ಆಗುತ್ತದೆ. ನಿಮ್ಮ ಹೆಸರಲ್ಲಿ ಬಿಲ್ ಆದರೆ ಆ 5,400 ಹೋದ ಹಾಗೇ. ಕಂಪನಿಯ ಜಿಎಸ್‌ಟಿ ನಂಬರಿಗೆ ಬಿಲ್ ಆದರೆ, ಕೆಲಸಕ್ಕೆ ಸಂಬಂಧಪಟ್ಟ ತರಬೇತಿಯಾದ್ದರಿಂದ, ಸಾಮಾನ್ಯವಾಗಿ ಅದನ್ನು ಅವರು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇದನ್ನು ಹೇಳಿದರೆ ಅಕೌಂಟ್ಸ್‌ನವರೇ ನಿಮ್ಮ ಪರ ಮಾತಾಡುತ್ತಾರೆ. ಜೊತೆಗೆ, ತಿಂಗಳ ಸಂಬಳದಲ್ಲಿ "ತರಬೇತಿ ಭತ್ಯೆ" ಅಂತ ಸೇರಿಸಿದರೆ ಅದು ನಿಮ್ಮ ಆದಾಯವಾಗಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನೇರವಾಗಿ ಕಟ್ಟಿದ ಕೆಲಸದ ತರಬೇತಿಗೆ ಸಾಮಾನ್ಯವಾಗಿ ಆ ತಾಪತ್ರಯ ಇಲ್ಲ.

ಎರಡನೆಯ ಅಪಾಯ ಬಾಂಡ್. "ಕೋರ್ಸ್ ಮುಗಿದ ಮೇಲೆ 12 ತಿಂಗಳೊಳಗೆ ಬಿಟ್ಟರೆ ಪೂರ್ತಿ ದುಡ್ಡು ವಾಪಸ್" ಅನ್ನುವ ಷರತ್ತು ತುಂಬಾ ಕಡೆ ಇದೆ. ಇಂಥದ್ದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಅಂತ ಸ್ನೇಹಿತರು ಧೈರ್ಯ ಹೇಳುತ್ತಾರೆ. ಆ ಧೈರ್ಯದ ಮೇಲೆ ಸಹಿ ಹಾಕಬೇಡಿ. ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, 3 ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿಯ ವಿಷಯ, ಪ್ರತಿ ಖಾಸಗಿ ಬಾಂಡ್‌ಗೂ ಹಾಗೇ ಅನ್ವಯಿಸುತ್ತದೆ ಅಂತಲ್ಲ. ಆದರೆ ಬಾಂಡ್ ಅಂದರೆ ಬರೀ ಕಾಗದ ಅನ್ನುವ ಕಾಲ ಇದಲ್ಲ. ಷರತ್ತು ತೆಗೆಯಲು ಒಪ್ಪದಿದ್ದರೆ ಕನಿಷ್ಠ ತಿಂಗಳ ಲೆಕ್ಕಕ್ಕೆ ತನ್ನಿ: ಆರು ತಿಂಗಳಾದ ಮೇಲೆ ಬಿಟ್ಟರೆ ಅರ್ಧ ಮಾತ್ರ.

ಇನ್ನು ಓದುವ ಸಮಯ. ದುಡ್ಡು ಕೊಟ್ಟು ಸಮಯ ಕೊಡದಿದ್ದರೆ ನಿಮ್ಮ ಭಾನುವಾರಗಳನ್ನು ಕಂಪನಿಗೆ ಕೊಟ್ಟ ಹಾಗೆ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಓದಿಗೆ ಅಂತ ಕ್ಯಾಲೆಂಡರ್‌ನಲ್ಲಿ ಹಾಕಿಸಿಕೊಳ್ಳಿ. ಅದು ಸಿಗದಿದ್ದರೆ ಕೋರ್ಸ್ ದುಡ್ಡು ಕೇಳುವುದರಲ್ಲಿ ನನಗೆ ನಂಬಿಕೆ ಇಲ್ಲ.

ಒಂದೆರಡು ವರ್ಷದಲ್ಲಿ ಕೆಲಸ ಬದಲಿಸುವ ಯೋಚನೆ ಇರುವವರಿಗೆ, ಬ್ಯಾಂಡ್‌ನ ತುದಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದು ಒಳ್ಳೆಯದು. ಮೂರರಲ್ಲಿ ಮುಂದಿನ ಸಂಬಳವನ್ನು ಏರಿಸಬಲ್ಲದ್ದು ಇದೊಂದೇ. ಬರೀ ಸರ್ಟಿಫಿಕೇಟ್ ಸಾಲದು, ಅದೇ ಕೆಲಸ ಟೀಮ್‌ನಲ್ಲಿ ಮಾಡಲು ಸಿಗಬೇಕು.

ಸಮಯದ ಅನುಕೂಲ

ನನ್ನ ಪ್ರಕಾರ ಬೆಂಗಳೂರಲ್ಲಿ ಇರುವ ಹೆಚ್ಚಿನವರಿಗೆ ಅತಿ ಬೆಲೆಯದ್ದು ಇದು. ಅಷ್ಟೇ ಬೇಗ ಕೈಜಾರುವುದೂ ಇದು.

ನಾದಿನಿಯ ಮನೆ ಕೆಂಗೇರಿ, ಆಫೀಸ್ ಬೆಳ್ಳಂದೂರು. ಮೆಟ್ರೊದಲ್ಲಿ ಕೆ.ಆರ್. ಪುರ, ಅಲ್ಲಿಂದ ಹೊರವರ್ತುಲ ರಸ್ತೆಯ ಬಸ್. ಎರಡು ವಾರ ಮೊಬೈಲ್‌ನಲ್ಲಿ ಬರೆದಿಡು ಅಂದೆ: ಬಾಗಿಲು ಹಾಕಿದ ಹೊತ್ತು, ಸೀಟಲ್ಲಿ ಕೂತ ಹೊತ್ತು, ಹೊರಟ ಹೊತ್ತು, ಮನೆ ಮುಟ್ಟಿದ ಹೊತ್ತು. ಸರಾಸರಿ ಹೋಗಲು 1 ಗಂಟೆ 45 ನಿಮಿಷ, ಬರಲೂ ಅಷ್ಟೇ. ದಿನಕ್ಕೆ ಮೂರೂವರೆ ಗಂಟೆ, ಖರ್ಚು ಸುಮಾರು 200 ರೂಪಾಯಿ.

ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೆ? ರಜೆ, ಹಬ್ಬ ಕಳೆದು 46 ವಾರ ಅಂತ ಇಟ್ಟುಕೊಳ್ಳಿ. 92 ದಿನ ಆಯಿತು. ಉಳಿಯುವುದು 322 ಗಂಟೆ, 18,400 ರೂಪಾಯಿ. ಹನ್ನೆರಡು ದಿನ ರಜೆ ತಗೊಂಡರೆ ದಿನಕ್ಕೆ 9 ಗಂಟೆ ಕೆಲಸ, ಮೂರೂವರೆ ಗಂಟೆ ಓಡಾಟ ಸೇರಿ ಉಳಿಯುವುದು 150 ಗಂಟೆ. ಕಂಪನಿಗೆ ರಜೆಯ ಖರ್ಚು 46,000, ಮನೆಯಿಂದ ಕೆಲಸದ ಖರ್ಚು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅವಳಿಗೆ ಸಿಗುವ ಸಮಯ ಎರಡು ಪಟ್ಟಿಗಿಂತ ಜಾಸ್ತಿ. ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದಾಗ ಅವಳು ಹನ್ನೆರಡು ದಿನದ ಮಾತನ್ನು ಬಿಟ್ಟಳು. ಮನೆ ಆಫೀಸಿನ ಪಕ್ಕದಲ್ಲೇ ಇದ್ದವರಿಗೆ ಈ ಲೆಕ್ಕ ಪೂರ್ತಿ ಉಲ್ಟಾ, ಅದನ್ನೂ ಹೇಳಬೇಕು.

ಸಮಯದಲ್ಲೂ ಬೇರೆ ಬೇರೆ ಬಗೆ ಇದೆ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿ ನಾಲ್ಕೂವರೆಗೆ ಹೊರಡುವುದು ಒಂದು. ಟ್ರಾಫಿಕ್ ತಪ್ಪುತ್ತದೆ, ಯಾರ ತಕರಾರೂ ಇರುವುದಿಲ್ಲ. ನಾದಿನಿಗೆ ಅದು ಆಗಲಿಲ್ಲ, ಮಗಳ ಸ್ಕೂಲ್ ವ್ಯಾನ್ ಬರುವುದೇ 7.45ಕ್ಕೆ. ಇನ್ನೊಂದು, ಐದು ದಿನದ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸಿ ಶುಕ್ರವಾರ ಬಿಡುವು. ಕೇಳಲು ಚೆನ್ನಾಗಿದೆ. ಆದರೆ ವಾರಕ್ಕೆ 40 ಗಂಟೆಯನ್ನು ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 10 ಗಂಟೆ, ನಾನು ಆಗ ಹೇಳಿದ 1961ರ ಕಾಯ್ದೆಯಲ್ಲಿ ದಿನದ ಮಿತಿ 9 ಗಂಟೆ. ಎಚ್‌ಆರ್ ಇದನ್ನು ಕಾಗದದ ಮೇಲೆ ಕೊಡಲು ಹಿಂಜರಿಯುವುದು ಅದಕ್ಕೇ. ಬಾಯಿಮಾತಿನಲ್ಲಿ ಕೊಟ್ಟರೆ, ಶುಕ್ರವಾರದ ಕರೆಗಳು ಎರಡೇ ತಿಂಗಳಲ್ಲಿ ವಾಪಸ್ ಬರುತ್ತವೆ.

ಮನೆಯಿಂದ ಕೆಲಸ ಕೆಡುವುದು ಎರಡು ಕಾರಣಕ್ಕೆ. ಮೊದಲನೆಯದು, ಗಂಟೆಗೆ ಕೊನೆ ಇಲ್ಲದಿರುವುದು. ಉಳಿದ ಮೂರೂವರೆ ಗಂಟೆಯನ್ನು ಕೆಲಸವೇ ನುಂಗುತ್ತದೆ. ಗೊತ್ತಾಗುವುದು ಹೇಗೆ ಅಂದರೆ, ಮನೆಯಲ್ಲಿದ್ದ ದಿನ ಕೊನೆಯ ಮೆಸೇಜ್ ಎಷ್ಟು ಹೊತ್ತಿಗೆ ಕಳಿಸಿದಿರಿ ನೋಡಿ. ಆಫೀಸಿನ ದಿನಕ್ಕಿಂತ ತಡವಾಗಿದ್ದರೆ ನಿಮಗೆ ಏನೂ ಸಿಕ್ಕಿಲ್ಲ. ಎರಡನೆಯದು, ಮ್ಯಾನೇಜರ್ ಬದಲಾಗುವುದು. ಬಾಯಿಮಾತಿನ ಅನುಕೂಲ ಹಳೆಯ ಮ್ಯಾನೇಜರ್ ಜೊತೆಗೇ ಹೊರಟುಹೋಗುತ್ತದೆ. ರಜೆ ಪೋರ್ಟಲ್‌ನಲ್ಲಿ ಇರುತ್ತದೆ, ಕೋರ್ಸ್‌ಗೆ ಬಿಲ್ ಇರುತ್ತದೆ. ಸಮಯದ ಒಪ್ಪಂದಕ್ಕೆ ಮೇಲ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಮೇಲ್‌ನಲ್ಲಿ ಏನು ಬರೆಯಬೇಕು

ಮೂರನ್ನೂ ಒಟ್ಟಿಗೆ ಕೇಳಬೇಡಿ. ಮೂರು ಕೇಳಿದರೆ ಅವರಿಗೆ ಯಾವುದು ಅಗ್ಗವೋ ಅದನ್ನು ಕೊಡುತ್ತಾರೆ. ಒಂದು ಕೇಳಿ, ಅದು ಆಗದಿದ್ದರೆ ಇನ್ನೊಂದು ಅಂತ ಮನಸ್ಸಲ್ಲಿ ಇಟ್ಟುಕೊಳ್ಳಿ.

ಮೇಲ್‌ನಲ್ಲಿ ಎಲ್ಲೂ "ಹೈಕ್ ಬದಲಿಗೆ" ಅಂತ ಬರೆಯಬೇಡಿ. ಇದು ನಾನು ಕಲಿತ ಅತಿ ಮುಖ್ಯ ವಿಷಯ. ಹಾಗೆ ಬರೆದರೆ ಮುಂದಿನ ವರ್ಷ "ಹೋದ ಸಲ ನಿಮಗೆ ಕೊಟ್ಟಾಯ್ತಲ್ಲ" ಅನ್ನುತ್ತಾರೆ. ತಪ್ಪಿದ ಹೈಕ್ ಒಂದು ವರ್ಷದ ನಷ್ಟ ಅಲ್ಲ. ಮುಂದಿನ ಎಲ್ಲ ಶೇಕಡಾ ಲೆಕ್ಕವೂ ಹಳೆಯ ಸಂಬಳದ ಮೇಲೆ ಬರುತ್ತದೆ. ಮೂಲ ವೇತನ ಏರದಿದ್ದರೆ ಪಿಎಫ್, ಗ್ರಾಚ್ಯುಟಿಯೂ ಏರುವುದಿಲ್ಲ. ರಜೆಯಾಗಲಿ ಮನೆಯಿಂದ ಕೆಲಸವಾಗಲಿ ಈ ನಷ್ಟವನ್ನು ತುಂಬುವುದಿಲ್ಲ. ಆದ್ದರಿಂದ ಹೈಕ್ ಮಾತನ್ನು ಮುಚ್ಚದೆ ತಾರೀಕು ಹಾಕಿ ಮುಂದಕ್ಕೆ ಇಡಿ.

ನಾದಿನಿ ಕಳಿಸಿದ್ದು ಇಂಗ್ಲಿಷಿನಲ್ಲಿ, ಸಾರಾಂಶ ಇಷ್ಟು:

"ನಮ್ಮ ಮಾತಿನಂತೆ ಬರೆಯುತ್ತಿದ್ದೇನೆ. ಮೇ 1ರಿಂದ ಮಂಗಳವಾರ ಮತ್ತು ಗುರುವಾರ ಮನೆಯಿಂದ ಕೆಲಸ ಮಾಡುತ್ತೇನೆ. ಆ ದಿನಗಳಲ್ಲಿ 9ರಿಂದ 6ರವರೆಗೆ ಸಿಗುತ್ತೇನೆ, ಮೀಟಿಂಗ್‌ಗಳು 11ರಿಂದ 4ರೊಳಗೆ ಇರಲಿ. ಬಿಡುಗಡೆಯ ವಾರ ಬೇಕಾದರೆ ಆಫೀಸಿಗೆ ಬರುತ್ತೇನೆ, ಎರಡು ದಿನ ಮೊದಲು ತಿಳಿಸಿ. ಮೂರು ತಿಂಗಳಾದ ಮೇಲೆ ಬಾಕಿ ಉಳಿದ ಟೆಸ್ಟ್ ಕೇಸ್‌ಗಳ ಸಂಖ್ಯೆ ನೋಡಿ ಇಬ್ಬರೂ ಮಾತಾಡೋಣ. ನನ್ನ ರಿಪೋರ್ಟಿಂಗ್ ಬದಲಾದರೆ ಈ ವ್ಯವಸ್ಥೆಯನ್ನು ಹೊಸಬರಿಗೆ ತಿಳಿಸಬೇಕು ಅಂತ ಕೋರುತ್ತೇನೆ. ಸಂಬಳದ ಪರಿಷ್ಕರಣೆ ಪ್ರತ್ಯೇಕ ವಿಷಯ, ಅದನ್ನು ಅಕ್ಟೋಬರ್ 15ರ ವಾರ ಮತ್ತೆ ಚರ್ಚಿಸೋಣ."

ಬಿಡುಗಡೆಯ ವಾರದ ಸಾಲನ್ನು ಸೇರಿಸಲು ನಾನೇ ಹೇಳಿದ್ದು. ಮ್ಯಾನೇಜರ್‌ಗೆ ಹೆದರಿಕೆ ಇರುವುದು ಅಲ್ಲೇ. ಅದಕ್ಕೆ ಉತ್ತರ ನೀವೇ ಮೊದಲು ಕೊಟ್ಟರೆ ಅವರು ಬೇರೆ ಷರತ್ತು ಹುಡುಕುವುದಿಲ್ಲ. ಎಚ್‌ಆರ್ ಅನ್ನು ಆ ಮೇಲ್‌ನಲ್ಲಿ ಸೇರಿಸಲೇಬೇಕು, ಮ್ಯಾನೇಜರ್ "ಸರಿ" ಅಂತ ಒಂದು ಪದ ಉತ್ತರ ಕೊಟ್ಟರೂ ಸಾಕು. ಆ ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಆಫೀಸ್ ಮೇಲ್ ಹೊರಗೆ ಕಳಿಸಬಾರದು ಅನ್ನುವ ನಿಯಮ ಇದ್ದರೆ ಅದನ್ನು ಮುರಿಯಬೇಡಿ, ಮೇಲ್‌ಬಾಕ್ಸ್‌ನಲ್ಲೇ ಬೇರೆ ಫೋಲ್ಡರ್ ಮಾಡಿ.

ಆಗಸ್ಟ್‌ನಲ್ಲಿ ಅವಳ ಮ್ಯಾನೇಜರ್ ಬೇರೆ ಕಂಪನಿಗೆ ಹೋದರು. ಹೊಸಬರು ಬಂದ ಮೊದಲ ವಾರವೇ ಎಲ್ಲರೂ ಐದೂ ದಿನ ಆಫೀಸಿಗೆ ಬರಬೇಕು ಅಂದರು. ಅವಳು ವಾದ ಮಾಡಲಿಲ್ಲ. ಹಳೆಯ ಮೇಲ್ ಫಾರ್ವರ್ಡ್ ಮಾಡಿ, ಮೂರು ತಿಂಗಳ ಬಾಕಿ ಲೆಕ್ಕದ ಒಂದು ಪುಟ ಜೊತೆಗಿಟ್ಟಳು. ಬಾಕಿ ಜಾಸ್ತಿ ಆಗಿರಲಿಲ್ಲ. ಅವರು ಗುರುವಾರವನ್ನು ತೆಗೆದರು, ಮಂಗಳವಾರವನ್ನು ಉಳಿಸಿದರು. ಅಕ್ಟೋಬರ್‌ನಲ್ಲಿ ಸಂಬಳದ ಮಾತಿಗೆ ಕೂತಾಗ ಗುರುವಾರವನ್ನೂ ಮತ್ತೆ ಕೇಳಿದಳು. ಹೈಕ್ ಶೇಕಡಾ 3 ಬಂತು, ಗುರುವಾರ ಬರಲಿಲ್ಲ. ಮಂಗಳವಾರ ಮಗಳನ್ನು ವ್ಯಾನ್ ಹತ್ತಿಸುವುದೂ ಇಳಿಸಿಕೊಳ್ಳುವುದೂ ಈಗ ಅವಳೇ.